ಅಂಗಡಿ ಫ್ರಿಜ್‌ನಲ್ಲಿ ಎಷ್ಟು ಪ್ಯಾಕೆಟ್ ಹಿಟ್ಟು?

ಚಿಕ್ಕಪ್ಪನ ಮಗ ಒಂದು ತಿಂಗಳಿಂದ ಪ್ರತಿ ಭಾನುವಾರ ಸಂಜೆ ನಮ್ಮ ಮನೆಗೆ ಬರುತ್ತಿದ್ದಾನೆ. ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಕೆಲಸ ಮಾಡಿದ್ದಾನೆ. ಈಗ ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿ ಅನಲಿಸ್ಟ್ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ. ಅಲ್ಲಿ ಕೇಸ್ ಇಂಟರ್ವ್ಯೂ ಇರುತ್ತದೆ. ಅದರಲ್ಲಿ ಆಗಾಗ ಬರುವ ಒಂದು ಭಾಗ ಮಾರ್ಕೆಟ್ ಸೈಜಿಂಗ್. ಯಾವುದೋ ಒಂದು ವಸ್ತುವಿನ ಹೆಸರು ಹೇಳಿ, ಅದರ ಮಾರುಕಟ್ಟೆ ಎಷ್ಟು ದೊಡ್ಡದು ಎಂದು ಕೇಳುತ್ತಾರೆ. ಗೂಗಲ್ ಇಲ್ಲ, ಕ್ಯಾಲ್ಕ್ಯುಲೇಟರ್ ಇಲ್ಲ. ಒಂದು ಹಾಳೆ, ಒಂದು ಪೆನ್ನು, ಎದುರಿಗೆ ಒಬ್ಬರು. ಐದರಿಂದ ಹತ್ತು ನಿಮಿಷದಲ್ಲಿ ಬಾಯಿಬಿಟ್ಟು ಲೆಕ್ಕ ಹಾಕಿ ತೋರಿಸಬೇಕು.

ಈ ಬಾಯಿಬಿಟ್ಟು ಅನ್ನುವುದರ ಬೆಲೆ ನನಗೆ ಗೊತ್ತಾಗಿದ್ದು ತಡವಾಗಿ. ಹನ್ನೊಂದು ವರ್ಷದ ಹಿಂದೆ ನನ್ನ ಮೊದಲ ಕೇಸ್ ಇಂಟರ್ವ್ಯೂನಲ್ಲಿ, ಬೆಂಗಳೂರಿನಲ್ಲಿ ದಿನಕ್ಕೆ ಎಷ್ಟು ನೀರಿನ ಕ್ಯಾನ್ ಮಾರಾಟವಾಗಬಹುದು ಎಂದು ಕೇಳಿದ್ದರು. ನಾನು ತಲೆ ತಗ್ಗಿಸಿ ನಾಲ್ಕು ನಿಮಿಷ ಬರೆದೆ. ಆಮೇಲೆ ತಲೆ ಎತ್ತಿ ಒಂದು ಸಂಖ್ಯೆ ಹೇಳಿದೆ. ಎದುರಿಗಿದ್ದವರು, "ಇದರಲ್ಲಿ ಆಫೀಸುಗಳು ಸೇರಿವೆಯಾ?" ಎಂದರು. ಸೇರಿರಲಿಲ್ಲ. ಅವರು ಕೇಳಿದ್ದು ಆಫೀಸುಗಳನ್ನೂ ಸೇರಿಸಿ. ನನ್ನ ಗುಣಾಕಾರವೆಲ್ಲ ಸರಿಯಾಗಿತ್ತು. ಆದರೆ ಬೇರೆ ಪ್ರಶ್ನೆಗೆ ಉತ್ತರ ಬರೆದಿದ್ದೆ. ಮೊದಲ ನಿಮಿಷದಲ್ಲೇ ನನ್ನ ದಾರಿ ಬಾಯಲ್ಲಿ ಹೇಳಿದ್ದರೆ ಅವರು ಅಲ್ಲೇ ತಿದ್ದುತ್ತಿದ್ದರು. ಎದುರಿಗಿರುವವರು ತಿದ್ದಲು ಆಗುವುದು ಕೇಳಿಸಿದ್ದನ್ನು ಮಾತ್ರ, ಅಲ್ವಾ? ಆ ಕೆಲಸ ಸಿಗಲಿಲ್ಲ. ಈಗ ನಾನೇ ಮೇಜಿನ ಆ ಕಡೆ ಕೂತು ಪ್ರಶ್ನೆ ಕೇಳುತ್ತೇನೆ. ಇವತ್ತಿಗೂ ಹತ್ತರಲ್ಲಿ ನಾಲ್ಕೈದು ಜನ ನಾನು ಮಾಡಿದ ಹಾಗೇ ಮಾಡುತ್ತಾರೆ.

ಹಾಗಾಗಿ ತಮ್ಮನಿಗೆ ಮೊದಲ ಭಾನುವಾರವೇ ಒಂದು ಪ್ರಶ್ನೆ ಕೊಟ್ಟು, ಜೋರಾಗಿ ಯೋಚಿಸು ಎಂದೆ. ಪ್ರಶ್ನೆ ಇದು: ಬೆಂಗಳೂರಿನಲ್ಲಿ ಪ್ಯಾಕೆಟ್ ದೋಸೆ ಹಿಟ್ಟಿನ ಮಾರುಕಟ್ಟೆ ಎಷ್ಟಿರಬಹುದು?

ಅವನು ತಕ್ಷಣ, "ಬೆಂಗಳೂರಿನ ಜನಸಂಖ್ಯೆ..." ಎಂದು ಶುರು ಮಾಡಿದ. ನಾನು ಅಲ್ಲೇ ನಿಲ್ಲಿಸಿದೆ. ಮಾರುಕಟ್ಟೆ ಅಂದರೆ ಏನು? ಕಿಲೋ ಲೆಕ್ಕವಾ, ರೂಪಾಯಿ ಲೆಕ್ಕವಾ? ತಿಂಗಳಿಗಾ, ವರ್ಷಕ್ಕಾ? ಗಿರಾಕಿ ಅಂಗಡಿಯಲ್ಲಿ ಕೊಡುವ ದುಡ್ಡಾ, ಅಥವಾ ಅಂಗಡಿಯವರ ಕಮಿಷನ್ ಕಳೆದು ಹಿಟ್ಟು ಮಾಡುವವರ ಕೈಗೆ ಬರುವ ದುಡ್ಡಾ? ಮನೆ ಬಳಕೆ ಮಾತ್ರವಾ, ದರ್ಶಿನಿಗಳು, ಹಾಸ್ಟೆಲ್ ಮೆಸ್ಸುಗಳು ಕೊಳ್ಳುವುದೂ ಸೇರುತ್ತದಾ? ಇವನ್ನೆಲ್ಲ ಒಂದರ ಹಿಂದೊಂದು ಕೇಳುತ್ತಾ ಹೋದರೆ ಎದುರಿಗಿರುವವರಿಗೆ ಬೇಸರವಾಗುತ್ತದೆ. ಅದಕ್ಕೆ ನಾನು ಹೇಳಿಕೊಟ್ಟ ಉಪಾಯ, ಪ್ರಶ್ನೆಯಾಗಿ ಕೇಳಬೇಡ, ನೀನೇ ಒಂದು ತೀರ್ಮಾನ ಹೇಳಿ ಒಪ್ಪಿಗೆ ಪಡೆದುಕೋ. "ನಾನು ಮನೆಗಳಲ್ಲಿ ಬಳಸುವ ಪ್ಯಾಕೆಟ್ ಹಿಟ್ಟನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಒಂದು ವರ್ಷಕ್ಕೆ, ಗಿರಾಕಿ ಕೊಡುವ ಬೆಲೆಯಲ್ಲಿ. ಹೋಟೆಲ್‌ಗಳನ್ನು ಬಿಡುತ್ತೇನೆ, ಅವು ತಾವೇ ರುಬ್ಬಿಕೊಳ್ಳುತ್ತವೆ ಅಥವಾ ಸಗಟಿನಲ್ಲಿ ತರಿಸುತ್ತವೆ. ಸರಿ ಅಲ್ವಾ?" ಹತ್ತು ಸೆಕೆಂಡಿನ ಮಾತು. ಎದುರಿಗಿರುವವರು ಹೂಂ ಅಂದರೆ ಆಯಿತು. ಇಲ್ಲ, ಹೋಟೆಲೂ ಬೇಕು ಅಂದರೆ ಇನ್ನೂ ಒಳ್ಳೆಯದಾಯಿತು.

ಎರಡನೆಯ ಹೆಜ್ಜೆ, ಸಂಖ್ಯೆ ಬರುವ ಮೊದಲು ದಾರಿ ಹೇಳುವುದು. ಇದಕ್ಕೆ ಮುಂಚೆ ಒಂದು ನಿಮಿಷ ಯೋಚಿಸುತ್ತೇನೆ ಎಂದು ಕೇಳಿಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ಆ ಒಂದು ನಿಮಿಷದಲ್ಲಿ ಹಾಳೆಯ ಮೇಲೆ ಬರೀ ಪದಗಳನ್ನು ಬರೆಯಬೇಕು. ಆಮೇಲೆ ಹಾಳೆಯನ್ನು ಅವರ ಕಡೆ ಸ್ವಲ್ಪ ತಿರುಗಿಸಿ ಹೀಗೆ ಹೇಳಬೇಕು: "ಮೊದಲು ಬೆಂಗಳೂರಿನಲ್ಲಿ ಎಷ್ಟು ಮನೆ. ಅದರಲ್ಲಿ ಎಷ್ಟು ಪಾಲು ಪ್ಯಾಕೆಟ್ ಹಿಟ್ಟು ಕೊಳ್ಳುತ್ತವೆ. ಕೊಳ್ಳುವ ಮನೆ ವಾರಕ್ಕೆ ಎಷ್ಟು ಪ್ಯಾಕೆಟ್ ತರುತ್ತದೆ. ವರ್ಷಕ್ಕೆ ಎಷ್ಟು ವಾರ. ಪ್ಯಾಕೆಟ್‌ಗೆ ಎಷ್ಟು ರೂಪಾಯಿ. ಈ ಐದನ್ನೂ ಗುಣಿಸುತ್ತೇನೆ. ಇದರಲ್ಲಿ ಎರಡನೆಯದು ಕಷ್ಟದ್ದು, ಅಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತೇನೆ."

ಆ ಕೊನೆಯ ಮಾತು ನನಗೆ ತುಂಬಾ ಮುಖ್ಯ. ಮನೆಗಳ ಸಂಖ್ಯೆ ಯಾರು ಹೇಳಿದರೂ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ಬೆಲೆಯೂ ಹಾಗೇ. ಆದರೆ ಎಷ್ಟು ಮನೆಯವರು ಹಿಟ್ಟು ಕೊಳ್ಳುತ್ತಾರೆ ಅನ್ನುವುದರಲ್ಲಿ ಒಬ್ಬರು ಹತ್ತಕ್ಕೆ ಒಂದು ಎಂದರೆ ಇನ್ನೊಬ್ಬರು ಹತ್ತಕ್ಕೆ ಆರು ಎನ್ನುತ್ತಾರೆ. ಉತ್ತರ ನಿಂತಿರುವುದು ಅಲ್ಲಿ. ಅದನ್ನು ಲೆಕ್ಕಕ್ಕೆ ಇಳಿಯುವ ಮೊದಲೇ ಗುರುತಿಸಿ ಹೇಳುವ ಹುಡುಗ ಸಿಕ್ಕರೆ, ಮೇಜಿನ ಈ ಕಡೆ ಕೂತಿರುವ ನನಗೆ ಅರ್ಧ ಸಮಾಧಾನ.

ತಮ್ಮ ಲೆಕ್ಕ ಶುರು ಮಾಡಿದ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 96 ಲಕ್ಷ ಇತ್ತು. ಆಮೇಲೆ ಊರು ಬೆಳೆದಿದೆ. ಈಗ 1.4 ಕೋಟಿ ಎಂದು ಹಿಡಿಯುತ್ತೇನೆ ಎಂದ. ಮನೆಗೆ ಎಷ್ಟು ಜನ? "ನಾಲ್ಕು ಅನ್ನಬಹುದು. ಆದರೆ ಇಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳು, ಹುಡುಗರು ಸೇರಿ ಬಾಡಿಗೆಗೆ ಇರುವ ಮನೆಗಳು ಜಾಸ್ತಿ. ಮೂರೂವರೆ ಅಂತ ಇಟ್ಕೊಳ್ತೀನಿ." 1.4 ಕೋಟಿಯನ್ನು ಮೂರೂವರೆಯಿಂದ ಭಾಗಿಸಿದರೆ 40 ಲಕ್ಷ ಮನೆ. ಇದು ಚೆನ್ನಾಗಿತ್ತು. ಸಂಖ್ಯೆಯ ಜೊತೆಗೇ ಕಾರಣ ಹೇಳಿದ, ಮುಂದಿನ ಭಾಗಾಕಾರ ಸುಲಭವಾಗುವ ಹಾಗೆ ಸಂಖ್ಯೆಯನ್ನೂ ಆರಿಸಿಕೊಂಡ. ಅಂದಾಜಿನ ಲೆಕ್ಕದಲ್ಲಿ ಇದು ಮೋಸವಲ್ಲ. 1.37 ಕೋಟಿ, 3.6 ಎಂದು ಗುದ್ದಾಡುವವರು ಎರಡು ನಿಮಿಷ ಕಳೆದುಕೊಳ್ಳುತ್ತಾರೆ, ಉತ್ತರ ಒಂದಿಷ್ಟೂ ಗಟ್ಟಿಯಾಗುವುದಿಲ್ಲ.

ಮುಂದೆ ಹೇಳಿದ: "ಅರ್ಧ ಮನೆಗಳು ಹಿಟ್ಟು ಕೊಳ್ಳುತ್ತವೆ. 20 ಲಕ್ಷ. ವಾರಕ್ಕೆ ಎರಡು ಪ್ಯಾಕೆಟ್, ಅಂದ್ರೆ ವಾರಕ್ಕೆ 40 ಲಕ್ಷ ಪ್ಯಾಕೆಟ್. ವರ್ಷಕ್ಕೆ 50 ವಾರ, 20 ಕೋಟಿ ಪ್ಯಾಕೆಟ್. ಕಿಲೋ ಪ್ಯಾಕೆಟ್‌ಗೆ 80 ರೂಪಾಯಿ. ಒಟ್ಟು 1,600 ಕೋಟಿ ರೂಪಾಯಿ." ಸೊನ್ನೆಗಳಲ್ಲಿ ತಪ್ಪಿಲ್ಲ. ದನಿಯಲ್ಲಿ ಧೈರ್ಯವೂ ಇತ್ತು.

ನಾನು ಸರಿ ತಪ್ಪು ಏನೂ ಹೇಳಲಿಲ್ಲ. ಬೇರೇನೋ ಕೇಳಿದೆ. "ನಿಮ್ಮ ಮನೆಯಿಂದ ಬಸ್ ಸ್ಟಾಪ್‌ವರೆಗೆ ಹಿಟ್ಟು ಇಡೋ ಅಂಗಡಿ ಎಷ್ಟಿವೆ?"

"ಮೂರು."

"ಆ ದಾರಿಗೆ ಸೇರಿದ ಮನೆ ಎಷ್ಟು? ಅಪಾರ್ಟ್‌ಮೆಂಟ್ ಎಲ್ಲ ಸೇರಿಸಿ ಹೇಳು."

ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಆ ದಾರಿಯಲ್ಲಿ ನಡೆದ. "600 ಇರಬಹುದು ಅಕ್ಕ."

ಅಂದರೆ 200 ಮನೆಗೆ ಒಂದು ಅಂಗಡಿ. 40 ಲಕ್ಷ ಮನೆಗೆ 20,000 ಅಂಗಡಿ. ಅವನ ಲೆಕ್ಕದ ಪ್ರಕಾರ ವಾರಕ್ಕೆ 40 ಲಕ್ಷ ಪ್ಯಾಕೆಟ್, ದಿನಕ್ಕೆ ಸುಮಾರು 6 ಲಕ್ಷ. 20,000 ಅಂಗಡಿಗೆ ಹಂಚಿದರೆ ಒಂದೊಂದು ಅಂಗಡಿಯಲ್ಲಿ ದಿನಕ್ಕೆ 30 ಪ್ಯಾಕೆಟ್ ಖರ್ಚಾಗಬೇಕು.

"ಆ ಅಂಗಡಿ ಫ್ರಿಜ್ ಬಾಗಿಲು ತೆಗೆದಿದೀಯಲ್ಲ. ಒಳಗೆ ಎಷ್ಟು ಪ್ಯಾಕೆಟ್ ಇರುತ್ತೆ?"

ಅವನ ಮುಖ ನೋಡುವ ಹಾಗಿತ್ತು. ಫ್ರಿಜ್ ಅವನ ಕಣ್ಣ ಮುಂದೆ ಬಂದಿತ್ತು. ಮೇಲಿನ ಅಂಕಣದಲ್ಲಿ ತಂಪು ಪಾನೀಯದ ಬಾಟಲಿ, ಅದರ ಕೆಳಗೆ ಮೊಸರಿನ ಪ್ಯಾಕೆಟ್, ಮೂಲೆಯಲ್ಲಿ ಪನೀರ್, ತೀರಾ ಕೆಳಗೆ ಒಂದು ಸಾಲು ಹಿಟ್ಟಿನ ಪ್ಯಾಕೆಟ್. ಎಂಟೋ ಹತ್ತೋ. ಕೆಲವು ಹುಳಿ ಬಂದು ಬಲೂನಿನ ಹಾಗೆ ಉಬ್ಬಿರುತ್ತವೆ. ದಿನಕ್ಕೆ 30 ಪ್ಯಾಕೆಟ್ ಹೋಗುವುದಾದರೆ ಆ ಸಾಲನ್ನು ದಿನಕ್ಕೆ ಮೂರು ಸಲ ತುಂಬಬೇಕು. ಅಂಗಡಿಯವರು ಬೆಳಿಗ್ಗೆ ಒಂದು ಸಲ ತುಂಬಿಸಿಕೊಳ್ಳುತ್ತಾರೆ, ರಾತ್ರಿ ಎರಡು ಮೂರು ಮಿಕ್ಕೂ ಇರುತ್ತವೆ.

"ದಿನಕ್ಕೆ ಐದು ಹೋಗಬಹುದು ಅಕ್ಕ. 30 ಆಗಲ್ಲ."

ಇದನ್ನೇ ಎರಡನೇ ಕಡೆಯಿಂದ ತಾಳೆ ನೋಡುವುದು ಎನ್ನುವುದು. ಮೊದಲ ಲೆಕ್ಕ ಕೊಳ್ಳುವವರ ಕಡೆಯಿಂದ ಬಂತು, ಎರಡನೆಯದು ಮಾರುವವರ ಕಡೆಯಿಂದ. ಕೇಸ್ ಇಂಟರ್ವ್ಯೂಗೆ ಓದಿಕೊಂಡವರೆಲ್ಲ ಇದನ್ನು ಮಾಡುತ್ತಾರೆ, ಆದರೆ ಬಹಳ ಜನ ಹೆಸರಿಗೆ ಮಾಡುತ್ತಾರೆ. ಮೊದಲ ಉತ್ತರ 1,600 ಕೋಟಿ ಬಂತು ಎಂದು ಗೊತ್ತಿರುವಾಗ, ಎರಡನೆಯದೂ ಅಲ್ಲಿಗೇ ಬರುವ ಹಾಗೆ ಅಂಗಡಿಗಳ ಸಂಖ್ಯೆಯನ್ನು ಸುಮ್ನೆ ಎಳೆದು ಕೂರಿಸುತ್ತಾರೆ. ಅದು ತಾಳೆ ಅಲ್ಲ. ಎದುರಿಗಿರುವವರಿಗೆ ಅದು ತಿಳಿಯುತ್ತದೆ. ಮೊದಲ ಲೆಕ್ಕದಲ್ಲಿ ಎಲ್ಲ ಸಂಖ್ಯೆಗೂ ಕಾರಣ ಹೇಳಿದವರು, ಎರಡನೆಯದರಲ್ಲಿ ಕಾರಣವಿಲ್ಲದೆ 50,000 ಅಂಗಡಿ ಎಂದರೆ ಅನುಮಾನ ಬಂದೇ ಬರುತ್ತದೆ. ಎರಡನೇ ಕಡೆಯ ಸಂಖ್ಯೆಗಳು ಬೇರೆಯದೇ ನೋಟದಿಂದ ಬರಬೇಕು. ಅದಕ್ಕೇ ನಾನು ಯಾಕೆ ಕೇಳುತ್ತಿದ್ದೇನೆ ಎಂದು ಹೇಳದೆ ಅಂಗಡಿ ಎಷ್ಟು ಎಂದು ಮೊದಲು ಕೇಳಿದ್ದು.

ಈಗ ಎರಡು ಲೆಕ್ಕಕ್ಕೂ ಆರು ಪಟ್ಟು ಅಂತರ. ಇಂಟರ್ವ್ಯೂನಲ್ಲಿ ಹೀಗಾದರೆ ಏನು ಮಾಡಬೇಕು? ತಮ್ಮನ ಮೊದಲ ಯೋಚನೆ, ತಾಳೆ ನೋಡಿದ್ದನ್ನು ಹೇಳದೆ ಬಿಟ್ಟುಬಿಡುವುದು. ನಾನು ಬೇಡ ಎಂದೆ. ಜೋರಾಗಿ ಹೇಳು: "ನನ್ನ ಲೆಕ್ಕದಿಂದ ಅಂಗಡಿಗೆ ದಿನಕ್ಕೆ 30 ಪ್ಯಾಕೆಟ್ ಬರುತ್ತಿದೆ. ನಾನು ನೋಡಿದ ಅಂಗಡಿಗಳಲ್ಲಿ ಅಷ್ಟು ಹೋಗುವುದಿಲ್ಲ. ಮನೆಗಳ ಸಂಖ್ಯೆ, ಬೆಲೆ ಇವುಗಳಲ್ಲಿ ಆರು ಪಟ್ಟು ತಪ್ಪಿರಲಾರದು. ಹಾಗಾಗಿ ಅರ್ಧ ಮನೆಗಳು ಎಂದಿದ್ದು ಮತ್ತು ವಾರಕ್ಕೆ ಎರಡು ಎಂದಿದ್ದು, ಇವೆರಡನ್ನೂ ತಿರುಗಿ ನೋಡುತ್ತೇನೆ." ಇಷ್ಟು ಹೇಳಿದವರನ್ನು ನಾನು ಇಲ್ಲಿಯವರೆಗೆ ತಪ್ಪು ಉತ್ತರ ಬಂತೆಂದು ಕೈಬಿಟ್ಟಿಲ್ಲ. ಕೆಲಸಕ್ಕೆ ಸೇರಿದ ಮೇಲೆ ದಿನವೂ ಮಾಡಬೇಕಾದದ್ದು ಇದನ್ನೇ. ತನ್ನ ಸಂಖ್ಯೆಯನ್ನು ತಾನೇ ಅನುಮಾನಿಸಿ, ಯಾವ ಕೊಂಡಿ ಸಡಿಲ ಎಂದು ಹುಡುಕುವುದು.

ಅರ್ಧ ಅನ್ನುವುದು ಎಲ್ಲಿಂದ ಬಂತು ಎಂದು ಕೇಳಿದೆ. ಅವನು ಮೂವರು ಗೆಳೆಯರ ಜೊತೆ ಫ್ಲ್ಯಾಟ್‌ನಲ್ಲಿದ್ದಾನೆ. ನಾಲ್ವರೂ ಕೆಲಸಕ್ಕೆ ಹೋಗುತ್ತಾರೆ, ವಾರಕ್ಕೆ ಎರಡು ಪ್ಯಾಕೆಟ್ ತರುತ್ತಾರೆ. ಪಕ್ಕದ ಫ್ಲ್ಯಾಟಿನವರು ತರುವುದಿಲ್ಲ. ಹಾಗಾಗಿ ಅರ್ಧ, ಹಾಗಾಗಿ ಎರಡು! ತನ್ನ ಮನೆಯನ್ನೇ ಊರು ಎಂದುಕೊಂಡಿದ್ದ. ಈ ತಪ್ಪು ಎಲ್ಲರಿಗೂ ಆಗುತ್ತದೆ. ಇದರಿಂದ ಹೊರಬರುವ ದಾರಿ, ಆ ಒಂದು ದೊಡ್ಡ ಪಾಲನ್ನು ಒಡೆಯುವುದು.

ಒಡೆಯುವುದು ಅಂದಕೂಡಲೇ ಅವನು ಬಡವರು, ಮಧ್ಯಮ ವರ್ಗ, ಶ್ರೀಮಂತರು ಎಂದು ಮೂರು ಗೆರೆ ಎಳೆದ. ಯೂಟ್ಯೂಬ್ ವಿಡಿಯೋಗಳಲ್ಲೆಲ್ಲ ಹಾಗೇ ಹೇಳಿಕೊಡುತ್ತಾರೆ. ಕಾರಿನ ಲೆಕ್ಕಕ್ಕೆ ಅದು ಸರಿ. ದೋಸೆ ಹಿಟ್ಟಿಗೆ? ಜಯನಗರದಲ್ಲಿ ಸ್ವಂತ ಮನೆ ಇರುವ ಎಷ್ಟೋ ಅಜ್ಜಿಯರು ಇವತ್ತಿಗೂ ಹಿಟ್ಟು ಕೊಳ್ಳುವುದಿಲ್ಲ. ಶುಕ್ರವಾರ ರಾತ್ರಿ ಅಕ್ಕಿ, ಉದ್ದಿನಬೇಳೆ ನೆನೆಹಾಕದೆ ಅವರಿಗೆ ನಿದ್ದೆ ಬಾರದು. ಅವರಿಗೆ ದುಡ್ಡಿನ ಕೊರತೆ ಇಲ್ಲ. ಹಿಟ್ಟು ಕೊಳ್ಳುವುದನ್ನು ನಿರ್ಧರಿಸುವ ಮೊದಲ ಪ್ರಶ್ನೆ, ಮನೆಯಲ್ಲಿ ರುಬ್ಬುವವರು ಇದ್ದಾರಾ? ಒಡೆಯಬೇಕಾದದ್ದು ಅಲ್ಲಿ. ಗೆರೆಯ ಆ ಕಡೆ ಈ ಕಡೆ ಜನರ ನಡವಳಿಕೆ ಬದಲಾಗದಿದ್ದರೆ ಆ ಗೆರೆ ಎಳೆದು ಲಾಭವಿಲ್ಲ, ಗುಣಾಕಾರ ಮಾತ್ರ ಮೂರು ಪಟ್ಟಾಗುತ್ತದೆ.

ಹೊಸದಾಗಿ ಹೀಗೆ ಹೊರಟೆವು. 40 ಲಕ್ಷ ಮನೆಗಳಲ್ಲಿ ಕಾಲು ಭಾಗ, ಅಂದರೆ 10 ಲಕ್ಷ ಮನೆಗಳಲ್ಲಿ ದೊಡ್ಡವರೆಲ್ಲ ಕೆಲಸಕ್ಕೆ ಹೋಗುತ್ತಾರೆ, ಪ್ಯಾಕೆಟ್‌ಗೆ ಕೊಡಲು ದುಡ್ಡೂ ಇದೆ. ಇವರಲ್ಲಿ ನೂರಕ್ಕೆ 60 ಮನೆ ಹಿಟ್ಟು ಕೊಳ್ಳುತ್ತವೆ, ವಾರಕ್ಕೆ ಒಂದು ಪ್ಯಾಕೆಟ್. ಕಿಲೋ ಹಿಟ್ಟಿಗೆ ಸುಮಾರು 15 ದೋಸೆ ಆಗುತ್ತದೆ. ಮೂರು ನಾಲ್ಕು ಜನರ ಮನೆಗೆ ಒಂದೂವರೆ ದಿನದ ತಿಂಡಿ, ಹಾಗಾಗಿ ವಾರಕ್ಕೆ ಒಂದು ಹೊಂದುತ್ತದೆ. ಇಲ್ಲಿಂದ ವಾರಕ್ಕೆ 6 ಲಕ್ಷ ಪ್ಯಾಕೆಟ್. ಅರ್ಧ ಭಾಗ, 20 ಲಕ್ಷ ಮನೆಗಳಲ್ಲಿ ರುಬ್ಬುವವರು ಇದ್ದಾರೆ. ನೆಂಟರು ಬಂದಾಗ, ಹುಷಾರಿಲ್ಲದಾಗ ಕೊಳ್ಳುತ್ತಾರೆ. ಐದರಲ್ಲಿ ಒಂದು ಮನೆ, ಎರಡು ವಾರಕ್ಕೆ ಒಂದು ಪ್ಯಾಕೆಟ್. ಇಲ್ಲಿಂದ ವಾರಕ್ಕೆ 2 ಲಕ್ಷ. ಮಿಕ್ಕ 10 ಲಕ್ಷ ಮನೆಗಳಲ್ಲಿ ಪ್ಯಾಕೆಟ್ ದುಬಾರಿ ಅನಿಸುತ್ತದೆ, ಅಥವಾ ಬೆಳಗಿನ ತಿಂಡಿಗೆ ದೋಸೆ ಇಡ್ಲಿಯ ರೂಢಿ ಇಲ್ಲ. ಅಲ್ಲಿ ಹತ್ತರಲ್ಲಿ ಒಂದು ಮನೆ ತಿಂಗಳಿಗೊಂದು ತಂದರೂ ವಾರಕ್ಕೆ 25,000 ಆಗುತ್ತದೆ. 8 ಲಕ್ಷದ ಎದುರು ಅದು ಲೆಕ್ಕಕ್ಕಿಲ್ಲ. ಬಿಡುತ್ತಿದ್ದೇನೆ ಎಂದು ಹೇಳಿಯೇ ಬಿಡಬೇಕು. ಹೇಳದೆ ಬಿಟ್ಟರೆ ಮರೆತ ಹಾಗೆ ಕಾಣುತ್ತದೆ.

ವಾರಕ್ಕೆ 8 ಲಕ್ಷ. 50 ವಾರಕ್ಕೆ 4 ಕೋಟಿ ಪ್ಯಾಕೆಟ್. 80 ರೂಪಾಯಿಯಂತೆ 320 ಕೋಟಿ.

ಗುಣಿಸುವಾಗ ತಮ್ಮ ಒಂದು ಕಡೆ ತಡವರಿಸಿದ. 8 ಲಕ್ಷವನ್ನು ಸೊನ್ನೆ ಹಾಕಿ ಬರೆದುಕೊಂಡು ಎಣಿಸುತ್ತಿದ್ದ. ನೂರು ಲಕ್ಷ ಒಂದು ಕೋಟಿ ಅನ್ನುವುದು ನಮಗೆ ಚಿಕ್ಕಂದಿನಿಂದ ಬಾಯಲ್ಲಿದೆ, ಅದನ್ನೇ ಬಳಸು ಎಂದೆ. 8 ಲಕ್ಷ ಗುಣಿಸು 50 ಅಂದರೆ 400 ಲಕ್ಷ, ಅಂದರೆ 4 ಕೋಟಿ. ಸೊನ್ನೆ ಬರೆಯುವ ಗೋಜೇ ಇಲ್ಲ. ಎದುರಿಗಿರುವವರು ಹೊರದೇಶದ ಆಫೀಸಿನವರಾಗಿದ್ದರೆ ಮಾತ್ರ ಶುರುವಿನಲ್ಲೇ ಮಿಲಿಯನ್‌ಗೆ ಬದಲಾಯಿಸಿಕೊಳ್ಳಬೇಕು. 10 ಲಕ್ಷ ಒಂದು ಮಿಲಿಯನ್. ಮಧ್ಯದಲ್ಲಿ ಬದಲಾಯಿಸಿದವರು ಒಂದು ಸೊನ್ನೆ ಕಳೆದುಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಈಗ ತಾಳೆ. 20,000 ಅಂಗಡಿ, ದಿನಕ್ಕೆ ಐದು ಪ್ಯಾಕೆಟ್, ಅಂದರೆ ದಿನಕ್ಕೆ 1 ಲಕ್ಷ, ವಾರಕ್ಕೆ 7 ಲಕ್ಷ. ಮೊಬೈಲ್ ಆ್ಯಪ್‌ಗಳಲ್ಲಿ ತರಿಸುವುದು, ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಹೋಗುವುದು ಇದರಲ್ಲಿ ಸೇರಿಲ್ಲ, ಹಾಗಾಗಿ ನಿಜವಾದ ಸಂಖ್ಯೆ 7ಕ್ಕಿಂತ ಮೇಲೇ ಇರಬೇಕು. 8 ಹತ್ತಿರವೇ ಇದೆ. ಆದರೆ ಇಲ್ಲೊಂದು ಮಾತು. ಎರಡನೇ ಸಲ ಪಾಲುಗಳನ್ನು ಹಾಕುವಾಗ ಅವನ ತಲೆಯಲ್ಲಿ ಅಂಗಡಿಯ ಐದು ಪ್ಯಾಕೆಟ್ ಇದ್ದೇ ಇತ್ತು. ಹಾಗಾಗಿ ಎರಡು ಲೆಕ್ಕ ಕೂಡಿಬಂದವು ಎಂದು ಜಾಸ್ತಿ ಹೇಳಿಕೊಳ್ಳಬಾರದು. ಎರಡೂ ಒಂದೇ ಅಳತೆಯಲ್ಲಿವೆ ಎಂದರೆ ಸಾಕು.

ಅದಕ್ಕೇ ಉತ್ತರವನ್ನು 320 ಕೋಟಿ ಎಂದು ನಿಲ್ಲಿಸಬಾರದು. ವಾರದ 8 ಲಕ್ಷದಲ್ಲಿ 6 ಲಕ್ಷ ಬಂದಿರುವುದು ಮೊದಲ ಗುಂಪಿನಿಂದ. ಅಲ್ಲಿ 60ರ ಬದಲು 40 ಎಂದರೆ ಒಟ್ಟು 6 ಲಕ್ಷಕ್ಕೆ ಇಳಿದು 240 ಕೋಟಿ ಆಗುತ್ತದೆ. ವಾರಕ್ಕೆ ಒಂದರ ಬದಲು ಒಂದೂವರೆ ಎಂದರೆ 11 ಲಕ್ಷಕ್ಕೆ ಏರಿ 440 ಕೋಟಿ ಆಗುತ್ತದೆ. ಹಾಗಾಗಿ ಮುಗಿಸುವ ಮಾತು ಹೀಗಿರಲಿ ಎಂದೆ: "ನನ್ನ ಅಂದಾಜು ಸುಮಾರು 300 ಕೋಟಿ, 240ರಿಂದ 440ರ ಒಳಗೆ. ಇದನ್ನು ಹೆಚ್ಚು ಅಲ್ಲಾಡಿಸುವುದು ಎಲ್ಲರೂ ಕೆಲಸಕ್ಕೆ ಹೋಗುವ ಮನೆಗಳ ರೂಢಿ. ಒಂದೇ ಒಂದು ವಿಷಯ ವಿಚಾರಿಸಲು ಅವಕಾಶ ಸಿಕ್ಕರೆ ಅಂಥ 50 ಮನೆಗಳನ್ನು ಕೇಳುತ್ತೇನೆ." ಯಾವ ಸಂಖ್ಯೆ ದುರ್ಬಲ ಎಂದು ತಾನೇ ಹೇಳಿದವರನ್ನು ಅದೇ ಸಂಖ್ಯೆಯ ಮೇಲೆ ಬೇರೆಯವರು ಕೆಣಕುವುದು ಕಷ್ಟ.

ಮುಂದಿನ ಭಾನುವಾರ ಬರುವಾಗ ಅವನ ಕೈಯಲ್ಲಿ ಒಂದು ಚೀಟಿ ಇತ್ತು. ನಾನು ಹೇಳಿರಲಿಲ್ಲ, ಅವನೇ ಹೋಗಿ ತನ್ನ ಮನೆ ಹತ್ತಿರದ ಅಂಗಡಿಯವರನ್ನು ಕೇಳಿಕೊಂಡು ಬಂದಿದ್ದ. ಶನಿವಾರ ಸಂಜೆ ಹನ್ನೆರಡು ಪ್ಯಾಕೆಟ್ ಹೋಗುತ್ತದಂತೆ, ಮಿಕ್ಕ ದಿನ ನಾಲ್ಕೋ ಐದೋ. ವಾರಕ್ಕೆ ಹೆಚ್ಚುಕಮ್ಮಿ 39, ದಿನಕ್ಕೆ ಐದೂವರೆ.

"ಆದ್ರೆ ಅಕ್ಕ, ಅವ್ರು ಇನ್ನೊಂದು ಹೇಳಿದ್ರು. ಫ್ರಿಜ್ ಪಕ್ಕ ಒಂದು ಸ್ಟೀಲ್ ಡಬ್ಬ ಇರುತ್ತಲ್ಲ, ಮನೆಯಲ್ಲೇ ರುಬ್ಬಿದ ಹಿಟ್ಟು, ಸೌಟಲ್ಲಿ ಅಳೆದು ಕವರ್‌ಗೆ ಹಾಕಿ ಕೊಡ್ತಾರೆ. ಪ್ಯಾಕೆಟ್‌ಗಿಂತ ಅದೇ ಜಾಸ್ತಿ ಹೋಗುತ್ತಂತೆ. ಅದನ್ನ ಸೇರಿಸಬೇಕಾ ಬೇಡ್ವಾ?"

"ಯಾರನ್ನ ಕೇಳಬೇಕು ಅದನ್ನ?" ಎಂದೆ.

ಅವನು ನಕ್ಕು, ಹೊಸ ಹಾಳೆ ತೆಗೆದು, ಎದುರಿಗೆ ನೆಟ್ಟಗೆ ಕೂತ. "ನಾನು ಬ್ರ್ಯಾಂಡ್ ಇರುವ ಪ್ಯಾಕೆಟ್ ಹಿಟ್ಟನ್ನು ಮಾತ್ರ ತೆಗೆದುಕೊಳ್ಳುತ್ತೇನೆ, ಬಿಡಿ ಹಿಟ್ಟನ್ನು ಬಿಡುತ್ತೇನೆ. ಸರಿ ಅಲ್ವಾ?"